ಲಾಭ 68,000, ಕೈಯಲ್ಲಿ ಮೈನಸ್ 12,000

ಬೇಸಿಗೆ ಬಂತೆಂದರೆ ನಮ್ಮ ಕಚೇರಿಗೆ ಇಂಟರ್ನ್‌ಗಳು ಬರುತ್ತಾರೆ. ಬಿ.ಕಾಂ. ಮುಗಿಸಿದವರು, ಎಂಬಿಎ ಮೊದಲ ವರ್ಷದವರು, ಸಿಎ ಪರೀಕ್ಷೆಗೆ ಓದುತ್ತಿರುವವರು. ಎಲ್ಲರಿಗೂ ಮೊದಲ ವಾರ ನಾನು ಕೊಡುವ ಕೆಲಸ ಒಂದೇ. ದೋಸೆ ಹಿಟ್ಟು ರುಬ್ಬಿ ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುವ ಒಂದು ಸಣ್ಣ ಘಟಕ. ಮಾಲೀಕರು 4 ಲಕ್ಷ ರೂಪಾಯಿ ಸಾಲ ಕೇಳಿದ್ದಾರೆ. ಅವರ ಕೈಯಲ್ಲಿರುವ ದುಡ್ಡು ಸಾಕಾಗುತ್ತದೆಯೇ, ಸಾಲದ ಕಂತು ಕಟ್ಟಲು ಆಗುತ್ತದೆಯೇ? 12 ತಿಂಗಳ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಕಟ್ಟಿ ತೋರಿಸಬೇಕು. ಇದನ್ನೇ ಫೈನಾನ್ಸ್ ಭಾಷೆಯಲ್ಲಿ ಫೈನಾನ್ಷಿಯಲ್ ಮಾಡೆಲ್ ಎನ್ನುವುದು. ಲೆಕ್ಕ ಕಣ್ಣಿಗೆ ಸಲೀಸಾಗಲಿ ಎಂದು ಅಂಕಿಗಳನ್ನು ನಾನೇ ದುಂಡಾಗಿಸಿ ಕೊಡುತ್ತೇನೆ.

ಹೆಚ್ಚಿನವರು ಹೊಸ ಹಾಳೆ ತೆರೆದ ಕೂಡಲೇ ಮಾರಾಟದ ಸಾಲಿನಲ್ಲಿ `=200*30*60` ಎಂದು ಟೈಪ್ ಮಾಡುತ್ತಾರೆ. ಉತ್ತರ 3,60,000. ಸರಿಯಾಗಿಯೇ ಇದೆ. ಆದರೆ ಎರಡು ದಿನ ಬಿಟ್ಟು ಮಾಲೀಕರು ಬಂದು ‘ಸರ್, ಅಂಗಡಿಯವರು 60 ಕೊಡಲ್ಲ ಅಂತಾರೆ, 56 ಹಾಕಿ’ ಎಂದರೆ ಆ 60 ಎಲ್ಲೆಲ್ಲಿ ಕುಳಿತಿದೆ ಎಂದು ಹನ್ನೆರಡು ಕಾಲಂಗಳಲ್ಲಿ ಹುಡುಕಬೇಕು. ಒಂದು ಕಡೆ ಬಿಟ್ಟುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಸೂತ್ರದೊಳಗೆ ಹುದುಗಿದ ಅಂಕಿ ಹಾಳೆಯ ಮೇಲೆ ಕಾಣಿಸುವುದೇ ಇಲ್ಲವಲ್ಲ!

ಅದಕ್ಕೇ ಮೊದಲು ಬೇಕಾದದ್ದು ಅಂದಾಜುಗಳಿಗೆಂದೇ ಪ್ರತ್ಯೇಕವಾದ ಒಂದು ಹಾಳೆ. ಅದರ ಹೆಸರು `Inputs`. ನಾವು ಊಹಿಸಿದ, ಯಾರೋ ಹೇಳಿದ, ಬಿಲ್ ನೋಡಿ ಬರೆದುಕೊಂಡ ಪ್ರತಿ ಅಂಕಿಯೂ ಈ ಹಾಳೆಯಲ್ಲಿ ಒಂದೇ ಒಂದು ಕಡೆ ಇರಬೇಕು. ಒಂದೊಂದು ಸಾಲಿಗೂ ಹೆಸರು, ಅಳತೆ, ಅಂಕಿ, ಆಮೇಲೆ ‘ಎಲ್ಲಿಂದ ಬಂತು’ ಎಂಬ ನಾಲ್ಕನೇ ಕಾಲಂ. ಈ ನಾಲ್ಕನೆಯದನ್ನು ಹೆಚ್ಚಿನ ಇಂಟರ್ನ್‌ಗಳು ಬಿಟ್ಟುಬಿಡುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ‘ಕಳೆದ ತಿಂಗಳ ಅಕ್ಕಿ ಬಿಲ್’ ಎಂದಿದ್ದರೆ ಆ ಅಂಕಿಯನ್ನು ಒಂದು ರೀತಿ ನಂಬಬಹುದು. ‘ಮಾಲೀಕರು ಹೇಳಿದ್ದು’ ಎಂದಿದ್ದರೆ ಇನ್ನೊಂದು ಸಲ ವಿಚಾರಿಸಬೇಕು ಎಂದು ಅರ್ಥ.

ಹಿಟ್ಟಿನ ಖರ್ಚನ್ನೇ ನೋಡಿ. ‘ಕೆ.ಜಿ.ಗೆ 28 ರೂಪಾಯಿ ಬೀಳುತ್ತೆ’ ಎಂದು ಒಂದೇ ಅಂಕಿ ಹಾಕಿಬಿಡಬಹುದು. ಆದರೆ ಆ 28 ಹೇಗೆ ಬಂತು? ಅಕ್ಕಿ ಕೆ.ಜಿ.ಗೆ 40 ರೂಪಾಯಿ, ಉದ್ದಿನಬೇಳೆ 130. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು. ನಾಲ್ಕು ಕೆ.ಜಿ.ಗೆ 250 ರೂಪಾಯಿ ಆದರೆ ಒಂದು ಕೆ.ಜಿ. ಒಣ ಧಾನ್ಯಕ್ಕೆ 62.50. ಅದನ್ನು ನೆನೆಸಿ ನೀರು ಸೇರಿಸಿ ರುಬ್ಬಿದರೆ ಎರಡೂವರೆ ಕೆ.ಜಿ. ಹಿಟ್ಟು. ಅಂದರೆ ಕೆ.ಜಿ. ಹಿಟ್ಟಿಗೆ 25 ರೂಪಾಯಿ, ಪ್ಯಾಕೆಟ್‌ಗೆ 3, ಒಟ್ಟು 28. ಹೀಗೆ ಬಿಡಿಸಿ ಬರೆದರೆ ನಾಳೆ ಉದ್ದಿನಬೇಳೆ 170ಕ್ಕೆ ಏರಿದರೆ ಏನಾಗುತ್ತದೆ ಎಂದು ಒಂದು ಸೆಲ್ ಬದಲಿಸಿ ತಿಳಿಯಬಹುದು: ಖರ್ಚು 32ಕ್ಕೆ ಏರುತ್ತದೆ. ಬರೀ 28 ಇಟ್ಟುಕೊಂಡವರಿಗೆ ಈ ಪ್ರಶ್ನೆ ಕೇಳಲೂ ಆಗುವುದಿಲ್ಲ. ಯಾವ ಅಂಕಿ ಮಾರುಕಟ್ಟೆಯಲ್ಲಿ ತಾನಾಗಿ ಏರಿಳಿಯುತ್ತದೋ ಅಲ್ಲಿಯವರೆಗೆ ಬಿಡಿಸಬೇಕು. ಅದಕ್ಕಿಂತ ಕೆಳಗೆ ಬಿಡಿಸುವ ಅಗತ್ಯವಿಲ್ಲ. ಉಪ್ಪು, ಮೆಂತ್ಯಕ್ಕೆ ಬೇರೆ ಸಾಲು ಬೇಡ.

ಉಳಿದ ಅಂದಾಜುಗಳು ಇಷ್ಟು. ಮೊದಲ ತಿಂಗಳು ದಿನಕ್ಕೆ 200 ಕೆ.ಜಿ. ಮಾರಾಟ, ತಿಂಗಳಿಗೆ ಶೇ. 3ರ ಏರಿಕೆ, ತಿಂಗಳಿಗೆ 30 ದಿನ, ಅಂಗಡಿಗೆ ಕೊಡುವ ಬೆಲೆ 60 ರೂಪಾಯಿ. ಬಾಡಿಗೆ, ಸಂಬಳ, ಕರೆಂಟು, ಸಾಗಾಟ ಸೇರಿ ತಿಂಗಳಿಗೆ 1,10,000. ಗ್ರೈಂಡರ್, ಫ್ರಿಜ್, ಪ್ಯಾಕಿಂಗ್ ಯಂತ್ರಕ್ಕೆ 6 ಲಕ್ಷ. ಅದು 60 ತಿಂಗಳು ಬಾಳುತ್ತದೆ ಎಂದುಕೊಂಡರೆ ತಿಂಗಳಿಗೆ 10,000 ಸವಕಳಿ. ಮಾಲೀಕರ ಬಂಡವಾಳ 3 ಲಕ್ಷ. ಸಾಲ 4 ಲಕ್ಷ, ವರ್ಷಕ್ಕೆ ಶೇ. 12 ಬಡ್ಡಿ, ಅಸಲು 40 ತಿಂಗಳಲ್ಲಿ ಸಮನಾಗಿ ತೀರಬೇಕು, ಅಂದರೆ ತಿಂಗಳಿಗೆ 10,000. ಕೊನೆಯದು, ಅಂಗಡಿಯವರು ದುಡ್ಡು ಕೊಡುವುದು ಮಾಲು ಇಳಿಸಿದ 15 ದಿನಕ್ಕೆ. ತೆರಿಗೆಯನ್ನು ಈ ಮೊದಲ ಸುತ್ತಿನಲ್ಲಿ ಬಿಟ್ಟಿದ್ದೇವೆ. ಹಾಗೆ ಬಿಟ್ಟಿದ್ದೇವೆ ಎಂಬುದನ್ನೂ `Inputs` ಹಾಳೆಯಲ್ಲಿ ಬರೆಯಬೇಕು. ಕೈಯಿಂದ ಹಾಕಿದ ಅಂಕಿಗಳು ನೀಲಿ ಬಣ್ಣದಲ್ಲಿ, ಸೂತ್ರದಿಂದ ಬಂದವು ಕಪ್ಪು ಬಣ್ಣದಲ್ಲಿ ಇರುವುದು ಈ ವೃತ್ತಿಯ ರೂಢಿ. ಹಾಳೆ ತೆರೆದವರಿಗೆ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಎರಡನೇ ಹಾಳೆ `Calc`. ಇಲ್ಲಿ ಬರೀ ಸೂತ್ರಗಳು. `D` ಕಾಲಂ ಆರಂಭದ ದಿನದ ಸ್ಥಿತಿ, `E`ಯಿಂದ `P`ವರೆಗೆ ಹನ್ನೆರಡು ತಿಂಗಳು. ಮೂರನೇ ಸಾಲಿನಲ್ಲಿ ತಿಂಗಳ ಸಂಖ್ಯೆ, 1ರಿಂದ 12. ಇಲ್ಲಿ ಒಂದು ನಿಯಮವಿದೆ, ಅದನ್ನು ನಾನು ಸಡಿಲಿಸುವುದಿಲ್ಲ: ಒಂದು ಸಾಲಿಗೆ ಒಂದೇ ಸೂತ್ರ. ಮೊದಲ ತಿಂಗಳಲ್ಲಿ ಬರೆದದ್ದನ್ನು ಹನ್ನೆರಡನೆಯ ತಿಂಗಳವರೆಗೆ ಎಳೆದರೆ ಒಂದಕ್ಷರವೂ ಬದಲಾಗದೆ ಕೆಲಸ ಮಾಡಬೇಕು. ದಿನದ ಮಾರಾಟ ಮತ್ತು ತಿಂಗಳ ಆದಾಯ ಹೀಗೆ:

```
E6:  =Inputs!$C$5*(1+Inputs!$C$6)^(E$3-1)
E8:  =E6*Inputs!$C$7*Inputs!$C$8
```

`C5` ಎಂದರೆ 200 ಕೆ.ಜಿ., `C6` ಏರಿಕೆಯ ದರ, `C7` ದಿನಗಳು, `C8` ಬೆಲೆ. ಡಾಲರ್ ಗುರುತು ಸೆಲ್ಲನ್ನು ಕಟ್ಟಿಹಾಕುತ್ತದೆ. ಸೂತ್ರವನ್ನು ಬಲಕ್ಕೆ ಎಳೆದಾಗ `C5` ಜಾರಿ `D5` ಆಗಬಾರದಲ್ಲ, ಅದಕ್ಕೆ. ಕೀಬೋರ್ಡಿನಲ್ಲಿ `F4` ಒತ್ತಿದರೆ ಅದು ತಾನೇ ಬೀಳುತ್ತದೆ. ತಿಂಗಳ ಸಂಖ್ಯೆಯಿಂದ 1 ಕಳೆಯುವುದನ್ನು ಮರೆತರೆ ಮೊದಲ ತಿಂಗಳೇ ಮಾರಾಟ 206ರಿಂದ ಶುರುವಾಗುತ್ತದೆ. ಇಡೀ ವರ್ಷ ಶೇ. 3ರಷ್ಟು ಉಬ್ಬಿಹೋಗುತ್ತದೆ, ನೋಡಿದವರಿಗೆ ಅನುಮಾನವೂ ಬರುವುದಿಲ್ಲ.

ಬಡ್ಡಿಯ ಸಾಲಿನಲ್ಲಿ ಹೊಸಬರು ಸಿಕ್ಕಿಹಾಕಿಕೊಳ್ಳುವುದು ಬೇರೆ ರೀತಿ. ತಿಂಗಳ ಕೊನೆಯ ಸಾಲದ ಮೇಲೆ ಅಥವಾ ಸರಾಸರಿಯ ಮೇಲೆ ಬಡ್ಡಿ ಹಾಕಲು ಹೋಗಿ, ಕೆಲವೊಮ್ಮೆ ಉಳಿಕೆ ನಗದಿನಿಂದ ಸಾಲ ತೀರಿಸುವಂತೆ ಬರೆದು, ಬಡ್ಡಿಗೆ ನಗದು ಬೇಕು, ನಗದಿಗೆ ಬಡ್ಡಿ ಬೇಕು ಎಂಬ ಸುತ್ತು ಕಟ್ಟಿಬಿಡುತ್ತಾರೆ. ಎಕ್ಸೆಲ್ ಸರ್ಕ್ಯುಲರ್ ರೆಫರೆನ್ಸ್ ಎಂದು ಎಚ್ಚರಿಸುತ್ತದೆ. ಸಣ್ಣ ಮಾಡೆಲ್‌ಗೆ ಆ ಗೋಜೇ ಬೇಡ. ತಿಂಗಳ ಆರಂಭದಲ್ಲಿದ್ದ ಸಾಲದ ಮೇಲೆ ಬಡ್ಡಿ ಹಾಕಿದರೆ ಸಾಕು:

```
=D30*Inputs!$C$21/12
```

ಈಗ ಮೊದಲ ತಿಂಗಳು ಏನಾಗುತ್ತದೆ ನೋಡೋಣ. 6,000 ಕೆ.ಜಿ. ಮಾರಾಟ, ಆದಾಯ 3,60,000. ಸಾಮಗ್ರಿ 1,68,000, ಸ್ಥಿರ ಖರ್ಚು 1,10,000, ಸವಕಳಿ 10,000, ಬಡ್ಡಿ 4,000. ಲಾಭ 68,000. ಇಲ್ಲಿಗೆ ನಿಲ್ಲಿಸಿದರೆ ಸಾಲ ಕೊಡಬಹುದು ಎಂದು ಯಾರಾದರೂ ಹೇಳಿಯಾರು.

ನಗದಿನ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಬಂಡವಾಳ ಮತ್ತು ಸಾಲ ಸೇರಿ 7 ಲಕ್ಷ ಬಂತು, ಯಂತ್ರಕ್ಕೆ 6 ಲಕ್ಷ ಹೋಯಿತು, ಕೈಯಲ್ಲಿ 1 ಲಕ್ಷ ಉಳಿಯಿತು. 15 ದಿನದ ಉದ್ರಿ ಎಂದರೆ ತಿಂಗಳ ಮಾರಾಟದ ಅರ್ಧ ಅಂಗಡಿಗಳಲ್ಲಿ ಬಾಕಿ. ಬಂದದ್ದು 1,80,000 ಮಾತ್ರ. ಹೋದದ್ದು ಸಾಮಗ್ರಿ, ಸ್ಥಿರ ಖರ್ಚು, ಬಡ್ಡಿ, 10,000 ಅಸಲು ಸೇರಿ 2,92,000. ತಿಂಗಳ ಕೊನೆಗೆ ಕೈಯಲ್ಲಿ ಮೈನಸ್ 12,000. ಲಾಭ 68,000 ತೋರಿಸುವ ಘಟಕಕ್ಕೆ ಸಂಬಳ ಕೊಡಲು ದುಡ್ಡು ಸಾಲದು! ಎರಡನೇ ತಿಂಗಳು ಹಳೆಯ ಬಾಕಿ ಬಂದು ನಗದು 56,460ಕ್ಕೆ ಏರುತ್ತದೆ, ನಿಜ. ಆದರೆ ಎರಡನೇ ತಿಂಗಳು ತಲುಪಬೇಕಾದರೆ ಮೊದಲನೆಯದನ್ನು ದಾಟಬೇಕು.

ಲಾಭ ಮತ್ತು ನಗದನ್ನು ಹೀಗೆ ಬೇರೆಬೇರೆಯಾಗಿ ಕಟ್ಟಿದ ಮೇಲೆ ಎರಡನ್ನೂ ಜೋಡಿಸುವುದು ಬ್ಯಾಲೆನ್ಸ್ ಶೀಟ್, ನಮ್ಮ ಪಠ್ಯಪುಸ್ತಕಗಳ ಅಢಾವೆ ಪತ್ರಿಕೆ. ಒಂದು ಕಡೆ ಆಸ್ತಿ: ನಗದು ಮೈನಸ್ 12,000, ಅಂಗಡಿಗಳ ಬಾಕಿ 1,80,000, ಸವಕಳಿ ಕಳೆದ ಯಂತ್ರ 5,90,000. ಒಟ್ಟು 7,58,000. ಇನ್ನೊಂದು ಕಡೆ ಹೊಣೆ: ಸಾಲ 3,90,000, ಬಂಡವಾಳ 3,00,000, ಈವರೆಗಿನ ಲಾಭ 68,000. ಅದೂ 7,58,000. ಎರಡೂ ತಾಳೆಯಾದವು.

ಹೀಗೆ ತಾಳೆ ನೋಡುವ ಕೆಲಸವನ್ನು ಕಣ್ಣಿಗೆ ಬಿಡಬಾರದು. ಅದಕ್ಕೇ ಮೂರನೇ ಹಾಳೆ, `Checks`. ಪ್ರತಿ ತಿಂಗಳಿಗೂ ಒಂದು ಸೂತ್ರ:

```
=IF(ABS(Calc!E40-Calc!E46)<1,0,1)
```

ಆಸ್ತಿಯ ಮೊತ್ತದಿಂದ ಹೊಣೆಯ ಮೊತ್ತ ಕಳೆದು, ವ್ಯತ್ಯಾಸ ಒಂದು ರೂಪಾಯಿಗಿಂತ ಕಡಿಮೆ ಇದ್ದರೆ 0, ಇಲ್ಲದಿದ್ದರೆ 1. ಸೊನ್ನೆಗೆ ಸರಿಸಮ ಎಂದು ಕೇಳದೆ ಒಂದು ರೂಪಾಯಿ ಬಿಟ್ಟಿರುವುದಕ್ಕೆ ಕಾರಣವಿದೆ. ಕಂಪ್ಯೂಟರು ದಶಾಂಶಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ ತೀರಾ ಸಣ್ಣ ಚೂರು ಎಲ್ಲೋ ಉಳಿದುಬಿಡುತ್ತದೆ, ಸುಮ್ಮನೆ ತಪ್ಪು ಎಂದು ಕೂಗುತ್ತದೆ. `ABS` ಯಾಕೆಂದರೆ ಅದಿಲ್ಲದಿದ್ದರೆ ಆಸ್ತಿ ಹೊಣೆಗಿಂತ 10,000 ಕಡಿಮೆ ಇದ್ದಾಗ ವ್ಯತ್ಯಾಸ ಮೈನಸ್ ಆಗಿ, ಒಂದಕ್ಕಿಂತ ಕಡಿಮೆ ಎಂದು 0 ಬಂದು ತಪ್ಪು ಮರೆಯಾಗುತ್ತದೆ. ಹನ್ನೆರಡು ತಿಂಗಳ ಎಲ್ಲ 0, 1ಗಳನ್ನು ಕೂಡಿ ಆ ಮೊತ್ತವನ್ನು ಪ್ರತಿ ಹಾಳೆಯ ನೆತ್ತಿಯ ಮೇಲೆ ಕಾಣುವಂತೆ ಇಡಿ. ಸೊನ್ನೆ ಇದ್ದರೆ ಹಸಿರು, ಬೇರೇನಿದ್ದರೂ ಕೆಂಪು.

ತಾಳೆ ತಪ್ಪಿದಾಗ ಗಾಬರಿಯಾಗುವ ಬದಲು ವ್ಯತ್ಯಾಸವನ್ನೇ ಓದಬೇಕು. ಅದು ಎಲ್ಲಿ ತಪ್ಪಿದೆ ಎಂದು ತಾನೇ ಹೇಳುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ‘ಸರ್, ಮೊದಲ ತಿಂಗಳು 10,000 ವ್ಯತ್ಯಾಸ, ಎರಡನೇ ತಿಂಗಳು 20,000, ಮೂರನೇದು 30,000. ಎಲ್ಲಾ ಸೂತ್ರ ನೋಡಿದೆ, ಸಿಗ್ತಿಲ್ಲ.’ ‘ಯಾವ ಕಡೆ ಜಾಸ್ತಿ ಇದೆಯಮ್ಮ?’ ಎಂದೆ. ‘ಹೊಣೆ ಕಡೆ.’ ತಿಂಗಳಿಗೆ 10,000 ಆಗುವ ಸಂಗತಿ ನಮ್ಮ ಘಟಕದಲ್ಲಿ ಎರಡೇ ಇವೆ, ಸವಕಳಿ ಮತ್ತು ಅಸಲು. ಸವಕಳಿಯನ್ನು ಯಂತ್ರದಿಂದ ಕಳೆಯದೆ ಬಿಟ್ಟಿದ್ದರೆ ಆಸ್ತಿ ಹೆಚ್ಚಾಗಬೇಕಿತ್ತು. ಹೊಣೆ ಹೆಚ್ಚಿದೆ ಎಂದರೆ ಕಟ್ಟಿದ ಅಸಲು ನಗದಿನಿಂದ ಹೋಗಿದೆ, ಸಾಲದ ಬಾಕಿಯಿಂದ ಕಳೆದಿಲ್ಲ. ಅವಳೇ ಅರ್ಧ ನಿಮಿಷದಲ್ಲಿ ಹುಡುಕಿದಳು. ಪ್ರತಿ ತಿಂಗಳೂ ಬೆಳೆಯುವ ವ್ಯತ್ಯಾಸ ಎಂದರೆ ತಿಂಗಳ ವಹಿವಾಟೊಂದು ಒಂದು ಕಡೆ ಬಿಟ್ಟುಹೋಗಿದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಮೊತ್ತ ನಿಂತಿದ್ದರೆ ಆರಂಭದ ಅಂಕಿಯಲ್ಲಿ ತಪ್ಪಿದೆ. ಇಂಥ ಹೊತ್ತಿನಲ್ಲಿ ಕೆಲವರು ‘ಇತರೆ’ ಎಂದು ಒಂದು ಸಾಲು ಸೇರಿಸಿ ವ್ಯತ್ಯಾಸವನ್ನು ಅದರಲ್ಲಿ ತುಂಬಿ ತಾಳೆ ಮಾಡಿಬಿಡುತ್ತಾರೆ. ಇದನ್ನು ನಾನು ತಪ್ಪು ಎನ್ನುವುದಿಲ್ಲ, ಮೋಸ ಎನ್ನುತ್ತೇನೆ. `IFERROR` ಹಾಕಿ ದೋಷವನ್ನು ಸೊನ್ನೆಯಾಗಿ ತೋರಿಸುವುದೂ ಅದೇ ಜಾತಿಯದು.

ಹಾಗೆಂದು ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಇದನ್ನು ನಾನು ಕಲಿತದ್ದು ನಾನೇ ಇಂಟರ್ನ್ ಆಗಿದ್ದಾಗ. ಒಂದು ಸಣ್ಣ ತಯಾರಿಕಾ ಘಟಕದ ಮಾಡೆಲ್. ಏಳನೇ ತಿಂಗಳು ಮಾರಾಟ ಐದು ಲಕ್ಷಕ್ಕೆ ಹೋದರೆ ಏನಾಗುತ್ತದೆ ಎಂದು ನೋಡಲು ಸೂತ್ರದ ಮೇಲೆಯೇ 500000 ಎಂದು ಟೈಪ್ ಮಾಡಿದ್ದೆ. ವಾಪಸ್ ಹಾಕಲು ಮರೆತೆ. ಬ್ಯಾಲೆನ್ಸ್ ಶೀಟ್ ಒಂದು ಪೈಸೆಯೂ ತಪ್ಪದೆ ತಾಳೆಯಾಗುತ್ತಿತ್ತು. ಆಗಲೇಬೇಕು. ಆ ಸುಳ್ಳು ಮಾರಾಟದಿಂದಲೇ ಲಾಭ, ಬಾಕಿ, ನಗದು ಮೂರೂ ಹುಟ್ಟುತ್ತಿದ್ದವು. ಬೆಲೆಯನ್ನು ಬದಲಿಸಿದಾಗ ಹನ್ನೊಂದು ತಿಂಗಳು ಅಲುಗಾಡಿ ಒಂದು ತಿಂಗಳು ಕಲ್ಲಿನಂತೆ ನಿಂತದ್ದನ್ನು ನನ್ನ ಮೇಲಧಿಕಾರಿ ನೋಡಿದರು. ಅಷ್ಟರಲ್ಲಿ ಆ ಅಂಕಿ ವರದಿಯೊಳಗೆ ಸೇರಿ ಆಗಿತ್ತು. ಅಂದಿನ ನಾಚಿಕೆ ಇಂದಿಗೂ ಮನಸ್ಸಿನಲ್ಲಿದೆ.

ಇದಕ್ಕೆ ಮದ್ದು ಮಾಡೆಲ್ಲನ್ನು ಅತಿರೇಕಕ್ಕೆ ದೂಡಿ ನೋಡುವುದು. ದಿನದ ಮಾರಾಟವನ್ನು 0 ಮಾಡಿ. ಹನ್ನೆರಡೂ ತಿಂಗಳ ಆದಾಯ, ಸಾಮಗ್ರಿ ಖರ್ಚು, ಅಂಗಡಿ ಬಾಕಿ ಎಲ್ಲ ಸೊನ್ನೆಯಾಗಬೇಕು. ಎಲ್ಲೋ ಒಂದು ಕಡೆ ಅಂಕಿ ಉಳಿದರೆ ಅಲ್ಲಿ ಯಾರೋ ಕೈಯಿಂದ ಟೈಪ್ ಮಾಡಿದ್ದಾರೆ. ಏರಿಕೆಯ ದರ 0 ಮಾಡಿದರೆ ಎಲ್ಲ ತಿಂಗಳ ಮಾರಾಟ ಒಂದೇ ಆಗಬೇಕು. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದ ಒಂದು ಉತ್ತರ ಇಟ್ಟುಕೊಂಡು ನೋಡಿ. ಕೆ.ಜಿ.ಗೆ 60ರಲ್ಲಿ 28 ಹೋದರೆ 32 ಉಳಿತಾಯ. ದಿನಕ್ಕೆ 125 ಕೆ.ಜಿ. ಮಾರಿದರೆ ತಿಂಗಳಿಗೆ 1,20,000. ಸ್ಥಿರ ಖರ್ಚು, ಸವಕಳಿ, ಬಡ್ಡಿ ಸೇರಿ 1,24,000. ಅಂದಮೇಲೆ 125 ಹಾಕಿದಾಗ ಮೊದಲ ತಿಂಗಳು ಸರಿಯಾಗಿ 4,000 ನಷ್ಟ ತೋರಿಸಬೇಕು. 3,990 ಬಂದರೂ ಕಾರಣ ಹುಡುಕಬೇಕು. `Calc` ಹಾಳೆಯಲ್ಲಿ `F5` ಒತ್ತಿ `Special`ನಲ್ಲಿ `Constants` ಆರಿಸಿದರೆ ಸೂತ್ರವಲ್ಲದ ಸೆಲ್‌ಗಳನ್ನು ಎಕ್ಸೆಲ್ ತಾನೇ ಗುರುತು ಮಾಡಿ ತೋರಿಸುತ್ತದೆ. ಶೀರ್ಷಿಕೆ ಮತ್ತು ತಿಂಗಳ ಸಂಖ್ಯೆ ಬಿಟ್ಟು ಬೇರೇನೂ ಅಲ್ಲಿ ಸಿಗಬಾರದು.

ವರ್ಷದ ಬಡ್ಡಿ ದರವನ್ನು 12ರಿಂದ ಭಾಗಿಸಲು ಮರೆಯುವುದು ಇನ್ನೊಂದು ಮಾಮೂಲಿ ತಪ್ಪು. ಮೊದಲ ತಿಂಗಳ ಬಡ್ಡಿ 48,000 ಬರುತ್ತದೆ, ಬ್ಯಾಲೆನ್ಸ್ ಶೀಟ್ ಆಗಲೂ ತಾಳೆಯಾಗುತ್ತದೆ. ಅದಕ್ಕಾಗಿ `Checks` ಹಾಳೆಯಲ್ಲಿ ಇನ್ನೊಂದು ಸಾಲು: ವರ್ಷದ ಒಟ್ಟು ಬಡ್ಡಿ 41,400. ಅದನ್ನು ತಿಂಗಳ ಆರಂಭದ ಸಾಲಗಳ ಸರಾಸರಿ 3,45,000ದಿಂದ ಭಾಗಿಸಿದರೆ ಶೇ. 12 ಬರಬೇಕು, ಅಂದರೆ ನಾವು ಹಾಕಿದ ದರವೇ ತಿರುಗಿ ಸಿಗಬೇಕು.

ಸೂತ್ರದ ವ್ಯಾಪ್ತಿ ತಪ್ಪುವುದಂತೂ ದೊಡ್ಡವರನ್ನೂ ಬಿಟ್ಟಿಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಸರ್ಕಾರಿ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಒಂದು ಪ್ರಬಂಧ ಬರೆದರು. ಸಾಲ ಜಿಡಿಪಿಯ ಶೇ. 90 ದಾಟಿದ ದೇಶಗಳಲ್ಲಿ ಸರಾಸರಿ ಬೆಳವಣಿಗೆ ಮೈನಸ್ 0.1 ಎಂದು ಅದರಲ್ಲಿತ್ತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕವನ್ನು ಮತ್ತೆ ಮಾಡಲು ಹೋದಾಗ ಉತ್ತರ ಹೊಂದಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಕಡತ ತರಿಸಿ ನೋಡಿದರೆ ಸರಾಸರಿಯ ಸೂತ್ರ 49ನೇ ಸಾಲಿನವರೆಗೆ ಹೋಗುವ ಬದಲು 44ಕ್ಕೆ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗುಳಿದಿದ್ದವು. ಕೆಲವು ವರ್ಷಗಳ ಅಂಕಿ ಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ ಎಂಬ ಬೇರೆ ತಕರಾರುಗಳೂ ಇದ್ದವು, ಅವುಗಳ ಪಾಲೇ ದೊಡ್ಡದು. ಎಲ್ಲವನ್ನೂ ಸರಿಪಡಿಸಿದಾಗ ಹರ್ನ್‌ಡನ್ ಮತ್ತು ಅವರ ಇಬ್ಬರು ಪ್ರಾಧ್ಯಾಪಕರಿಗೆ 2013ರಲ್ಲಿ ಸಿಕ್ಕ ಸರಾಸರಿ 2.2. ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರು. ಎಷ್ಟು ಸಾಲುಗಳಿವೆ, ಎಷ್ಟು ಸಾಲುಗಳನ್ನು ಸೂತ್ರ ಎಣಿಸಿದೆ ಎಂದು ಹೋಲಿಸುವ ಒಂದೇ ಒಂದು ಪರೀಕ್ಷೆ ಅಲ್ಲಿದ್ದಿದ್ದರೆ ಆ ಐದು ದೇಶಗಳು ಕಣ್ತಪ್ಪುತ್ತಿರಲಿಲ್ಲ.

ದೋಷ ಮತ್ತು ಎಚ್ಚರಿಕೆ ಎರಡನ್ನೂ ಬೆರೆಸಬಾರದು ಎಂಬುದನ್ನು ಕೊನೆಯ ದಿನ ಹೇಳಿಕೊಡುತ್ತೇನೆ. ತಾಳೆ ತಪ್ಪಿದರೆ ಅದು ನಮ್ಮ ದೋಷ, ಮಾಡೆಲ್ ಹೊರಗೆ ಹೋಗುವಂತಿಲ್ಲ. ನಗದು ಮೈನಸ್ ಆದರೆ ಅದು ವ್ಯಾಪಾರದ ಎಚ್ಚರಿಕೆ, ಮಾಡೆಲ್ ಸರಿಯಾಗಿಯೇ ಕೆಲಸ ಮಾಡಿದೆ. ಎರಡಕ್ಕೂ ಬೇರೆಬೇರೆ ಮೊತ್ತ ಇರಲಿ. ಗ್ರೈಂಡರ್ ದಿನಕ್ಕೆ 250 ಕೆ.ಜಿ. ಮಾತ್ರ ರುಬ್ಬಬಲ್ಲದು ಎಂದುಕೊಳ್ಳಿ. ಶೇ. 3 ಸಣ್ಣದೆನಿಸಿದರೂ ಒಂಬತ್ತನೇ ತಿಂಗಳಿಗೆ ಮಾರಾಟ 253 ಕೆ.ಜಿ. ಮುಟ್ಟುತ್ತದೆ. ರುಬ್ಬಲಾಗದ ಹಿಟ್ಟನ್ನು ಮಾರಿದಂತೆ ಲೆಕ್ಕ ತೋರಿಸುತ್ತದೆ. ಇದೂ ಎಚ್ಚರಿಕೆಯ ಪಟ್ಟಿಗೆ ಸೇರಬೇಕು.

ಮೊದಲ ತಿಂಗಳ ಆ ಮೈನಸ್ 12,000ಕ್ಕೆ ಏನು ಪರಿಹಾರ? ಬ್ಯಾಂಕು ಅಸಲಿಗೆ ಒಂದು ತಿಂಗಳು ವಿನಾಯಿತಿ ಕೊಟ್ಟರೂ ಇನ್ನೂ 2,000 ಕಡಿಮೆ ಬೀಳುತ್ತದೆ. ಅಂಗಡಿಗಳ ಉದ್ರಿಯನ್ನು 15 ದಿನದಿಂದ 10ಕ್ಕೆ ಇಳಿಸಿ ನೋಡಿ: ಬಾಕಿ 1,20,000ಕ್ಕೆ ಇಳಿದು ತಿಂಗಳ ಕೊನೆಗೆ ಕೈಯಲ್ಲಿ 48,000 ಉಳಿಯುತ್ತದೆ. ಒಂದು ನೀಲಿ ಸೆಲ್ ಬದಲಿಸಿದ್ದಕ್ಕೆ ಸಿಕ್ಕ ಉತ್ತರ ಇದು. ಸಾಲ ಹೆಚ್ಚಿಸಿ ಎಂದು ಕೇಳುವ ಮೊದಲು ಮಾಲೀಕರು ಅಂಗಡಿಯವರ ಹತ್ತಿರ ಮಾತಾಡಬೇಕು.

ಒಂದು ಮಿತಿಯನ್ನು ಮರೆಯದೆ ಹೇಳಿಬಿಡಬೇಕು. ನಮ್ಮ ಕಾಲಂ ತಿಂಗಳಿಗೊಂದು. ತಿಂಗಳ ನಡುವೆ ಏನಾಯಿತೆಂದು ಅದಕ್ಕೆ ಕಾಣುವುದಿಲ್ಲ. 15 ದಿನದ ಉದ್ರಿಯಲ್ಲಿ ಮೊದಲ ಹದಿನೈದು ದಿನ ಒಂದು ರೂಪಾಯಿಯೂ ಬರುವುದಿಲ್ಲ, ಆದರೆ ಅಕ್ಕಿ, ಬೇಳೆ, ಪ್ಯಾಕೆಟ್‌ಗೆ 84,000 ಕೊಟ್ಟಿರಬೇಕು. ಆರಂಭದ 1 ಲಕ್ಷದಲ್ಲಿ 16,000 ಉಳಿಯಿತು. ತಿಂಗಳ ಮೊದಲೇ ಬಾಡಿಗೆ 20,000 ಕಟ್ಟಬೇಕಿದ್ದರೆ ಅದೂ ಸಾಲದು. ಆದ್ದರಿಂದ ಇಂಥ ಘಟಕಕ್ಕೆ ಮೊದಲ ಮೂರು ತಿಂಗಳನ್ನಾದರೂ ವಾರದ ಲೆಕ್ಕದಲ್ಲಿ ಕಟ್ಟಿ. ನಿಮ್ಮ ಮಾಡೆಲ್ಲನ್ನು ಮೇಲಧಿಕಾರಿಯ ಮೇಜಿಗೆ ಕಳಿಸುವ ಮೊದಲು ಪಕ್ಕದಲ್ಲಿ ಕುಳಿತ ಗೆಳೆಯರಿಗೆ ಕೊಟ್ಟು, ಮಾರಾಟ 0 ಮಾಡಿ ನೋಡಲು ಹೇಳಿ.